ದೂರದ ಬೆಟ್ಟ ನುಣ್ಣಗೆ, ದೂರದ ಚಿತ್ರವೂ: ತೆರೆಗೆಷ್ಟು, ಕಾಗದಕ್ಕೆಷ್ಟು ಶಾರ್ಪನಿಂಗ್?

ಒಂದೇ ಛಾಯಾಚಿತ್ರ ಕಂಪ್ಯೂಟರಿನ ತೆರೆಯ ಮೇಲೆ ಕೆತ್ತಿಟ್ಟಂತೆ ಕಾಣುತ್ತದೆ. ಅದನ್ನೇ ಕಾಗದದ ಮೇಲೆ ಮುದ್ರಿಸಿದಾಗ ಮಂಕಾಗುತ್ತದೆ. ಮಂಕನ್ನು ಕಳೆಯಲೆಂದು ಇನ್ನಷ್ಟು ಹರಿತಗೊಳಿಸಿದರೆ ಅಂಚುಗಳಲ್ಲಿ ಬಿಳಿಯ ಗೆರೆ ಮೂಡುತ್ತದೆ. ಊರಿನ ಪುಟ್ಟ ಸ್ಟುಡಿಯೊದಿಂದ ಹಿಡಿದು ಪ್ರದರ್ಶನಕ್ಕೆ ಚಿತ್ರ ಕಳುಹಿಸುವ ಹವ್ಯಾಸಿಗಳವರೆಗೆ ಬಹುತೇಕ ಎಲ್ಲರೂ ಒಮ್ಮೆಯಾದರೂ ಅನುಭವಿಸಿರುವ ತೊಂದರೆ ಇದು. ತೆರೆಯ ಮೇಲಿನ ತಪ್ಪನ್ನು ಮರುಕ್ಷಣವೇ ತಿದ್ದಬಹುದು. ಆದರೆ ಮುದ್ರಣವಾಗಿ, ಚೌಕಟ್ಟು ಹಾಕಿಸಿ, ಗೋಡೆಗೇರಿದ ಚಿತ್ರವನ್ನು ತಿದ್ದಲು ಬರುವುದಿಲ್ಲ. ಹಣ ಹೋಗಿರುತ್ತದೆ, ಪ್ರದರ್ಶನದ ದಿನವೂ ಬಂದಿರುತ್ತದೆ.

ಈ ತೊಂದರೆಗೆ ಕ್ಯಾಮರಾವನ್ನಾಗಲಿ ಮುದ್ರಣ ಯಂತ್ರವನ್ನಾಗಲಿ ದೂರುವುದು ವಾಡಿಕೆ. ನಿಜವಾದ ಕಾರಣ ಬಹುಮಟ್ಟಿಗೆ ಬೇರೆಯೇ ಆಗಿರುತ್ತದೆ. ಚಿತ್ರ ಯಾವುದರ ಮೇಲೆ ಮೂಡುತ್ತದೆ ಮತ್ತು ಅದನ್ನು ಎಷ್ಟು ದೂರದಿಂದ ನೋಡಲಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳದೆ, ಒಂದೇ ಅಳತೆಯ ಶಾರ್ಪನಿಂಗನ್ನು ಎಲ್ಲ ಕಡೆಗೂ ಹಚ್ಚಿರುವುದೇ ಆ ಕಾರಣ.

ಶಾರ್ಪನಿಂಗ್ ಮಾಡುವುದಾದರೂ ಏನನ್ನು?

ಶಾರ್ಪನಿಂಗ್ ಎಂಬುದು ಚಿತ್ರದಲ್ಲಿ ಇಲ್ಲದ ವಿವರವನ್ನು ತಂದು ತುಂಬುವ ವಿದ್ಯೆಯಲ್ಲ. ಕೈ ಅಲುಗಿ ಕದಡಿದ ಚಿತ್ರವನ್ನಾಗಲಿ, ಫೋಕಸ್ ತಪ್ಪಿದ ಚಿತ್ರವನ್ನಾಗಲಿ ಅದು ಸರಿಪಡಿಸಲಾರದು. ಅದು ಮಾಡುವುದು ಇಷ್ಟೆ: ಕಪ್ಪು ಭಾಗವೂ ಬಿಳಿ ಭಾಗವೂ ಸಂಧಿಸುವ ಅಂಚಿನಲ್ಲಿ ಕಪ್ಪನ್ನು ತುಸು ಹೆಚ್ಚು ಕಪ್ಪಾಗಿಸುತ್ತದೆ, ಬಿಳಿಯನ್ನು ತುಸು ಹೆಚ್ಚು ಬಿಳಿಯಾಗಿಸುತ್ತದೆ. ಆ ಅಂಚಿನ ಎರಡೂ ಬದಿಯಲ್ಲಿ ಹೀಗೆ ಮೂಡುವ ತೆಳುವಾದ ಪಟ್ಟಿಗೆ ಪ್ರಭಾವಳಿ ಎನ್ನಬಹುದು. ದೇವರ ಮೂರ್ತಿಯ ಹಿಂದಿನ ಪ್ರಭಾವಳಿಯಂತೆ ಇದೂ ವಸ್ತುವಿನ ಆಕಾರವನ್ನು ಎತ್ತಿ ತೋರಿಸುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಪ್ರಭಾವಳಿ ತನ್ನ ಕೆಲಸವನ್ನು ಮಾಡಬೇಕು, ತಾನು ಮಾತ್ರ ಕಣ್ಣಿಗೆ ಬೀಳಬಾರದು.

ಈ ತಂತ್ರ ಕಂಪ್ಯೂಟರಿಗಿಂತ ಹಳೆಯದು. ಫಿಲ್ಮಿನ ಕಾಲದ ಕತ್ತಲ ಕೋಣೆಯಲ್ಲಿ ನೆಗೆಟಿವ್‌ನಿಂದ ಉದ್ದೇಶಪೂರ್ವಕವಾಗಿ ಮಸುಕಾದ ಒಂದು ಪಾಸಿಟಿವ್ ಪ್ರತಿಯನ್ನು ಮಾಡಿ, ಎರಡನ್ನೂ ಜೋಡಿಸಿ ಮುದ್ರಿಸುತ್ತಿದ್ದರು. ಖಗೋಳ ಛಾಯಾಗ್ರಾಹಕ ಡೇವಿಡ್ ಮ್ಯಾಲಿನ್ ಅವರು 1970ರ ದಶಕದಲ್ಲಿ ಆಂಗ್ಲೋ ಆಸ್ಟ್ರೇಲಿಯನ್ ವೀಕ್ಷಣಾಲಯದ ಫಲಕಗಳಿಂದ ನಕ್ಷತ್ರಪುಂಜಗಳ ಸೂಕ್ಷ್ಮ ವಿವರಗಳನ್ನು ಹೊರತೆಗೆದದ್ದು ಈ ವಿಧಾನದಿಂದಲೇ. ಮಸುಕಾದ ಮುಸುಕನ್ನು ಬಳಸಿ ಸ್ಫುಟತೆಯನ್ನು ಪಡೆಯುವುದರಿಂದಲೇ ಇಂದಿನ ತಂತ್ರಾಂಶಗಳಲ್ಲಿಯೂ ಅದರ ಹೆಸರು Unsharp Mask ಎಂದು ಉಳಿದುಕೊಂಡಿದೆ.

ಫೋಟೊಶಾಪ್‌ನಲ್ಲಿ ಈ ಕಿಟಕಿಯನ್ನು ತೆರೆದರೆ ಮೂರು ಗುಂಡಿಗಳು ಕಾಣುತ್ತವೆ. Amount ಎಂಬುದು ಪ್ರಭಾವಳಿ ಎಷ್ಟು ಗಾಢವಾಗಿರಬೇಕೆಂಬುದನ್ನು ನಿರ್ಧರಿಸುತ್ತದೆ. Radius ಎಂಬುದು ಅದು ಎಷ್ಟು ಅಗಲವಾಗಿರಬೇಕೆಂಬುದನ್ನು ಪಿಕ್ಸೆಲ್‌ಗಳಲ್ಲಿ ಹೇಳುತ್ತದೆ. ಅಂಚಿನ ಒಂದೊಂದು ಬದಿಯಲ್ಲಿ ಪ್ರಭಾವಳಿ ಸ್ಥೂಲವಾಗಿ ಈ ಸಂಖ್ಯೆಯ ಎರಡು ಪಟ್ಟು ಹರಡುತ್ತದೆ. Threshold ಎಂಬುದು ಎಷ್ಟು ಸಣ್ಣ ವ್ಯತ್ಯಾಸವನ್ನು ಅಂಚೆಂದು ಎಣಿಸದೆ ಬಿಟ್ಟುಬಿಡಬೇಕೆಂದು ತಿಳಿಸುತ್ತದೆ. ನೀಲಿ ಆಕಾಶದ ಕಾಳುಕಾಳು ಗದ್ದಲ ಎದ್ದು ಕಾಣದಿರಲು ಇದನ್ನು 2ರಿಂದ 4ರವರೆಗೆ ಇಡುವುದುಂಟು.

ಈ ಮೂರರಲ್ಲಿ ನೋಡುವ ದೂರಕ್ಕೆ ನೇರವಾಗಿ ಅಂಟಿಕೊಂಡಿರುವುದು ರೇಡಿಯಸ್. ಮುದ್ರಣದ ಕಾಗದ ಮತ್ತು ಶಾಯಿಗೆ ಅಂಟಿಕೊಂಡಿರುವುದು ಅಮೌಂಟ್. ಈ ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಿದರೆ ಗೊಂದಲದ ಬಹುಪಾಲು ತಾನಾಗಿಯೇ ಕರಗುತ್ತದೆ.

ಕಣ್ಣು ಅಳೆಯುವುದು ಕೋನವನ್ನು

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯಲ್ಲಿ ದೃಷ್ಟಿವಿಜ್ಞಾನದ ಒಂದು ಪಾಠವೇ ಅಡಗಿದೆ. ಬೆಟ್ಟದ ಮೇಲಿನ ಬಂಡೆಗಳೂ ಪೊದೆಗಳೂ ಎಲ್ಲಿಯೂ ಹೋಗಿರುವುದಿಲ್ಲ. ದೂರ ಹೆಚ್ಚಿದಂತೆ ಅವು ಕಣ್ಣಿನಲ್ಲಿ ಉಂಟುಮಾಡುವ ಕೋನ ಕಿರಿದಾಗುತ್ತದೆ; ಒಂದು ಮಿತಿಗಿಂತ ಕಿರಿದಾದಾಗ ಕಣ್ಣು ಅವುಗಳನ್ನು ಬೇರ್ಪಡಿಸಿ ನೋಡಲಾರದು.

ಸಾಮಾನ್ಯ ಆರೋಗ್ಯಕರ ಕಣ್ಣಿಗೆ ಈ ಮಿತಿಯನ್ನು ಸುಮಾರು ಒಂದು ಕೋನ ನಿಮಿಷ, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ ಎಂದು ಎಣಿಸಲಾಗುತ್ತದೆ. ಲೆಕ್ಕ ಸುಲಭವಾಗಿದೆ. ಒಂದು ಮೀಟರ್ ದೂರದಲ್ಲಿ ಒಂದು ಕೋನ ನಿಮಿಷವೆಂದರೆ 0.29 ಮಿಲಿಮೀಟರ್. ಕೈಯಲ್ಲಿ ಹಿಡಿದು 30 ಸೆಂಟಿಮೀಟರ್ ದೂರದಿಂದ ನೋಡುವ ಚಿತ್ರದಲ್ಲಿ ಅದು 0.09 ಮಿಲಿಮೀಟರ್‌ನಷ್ಟು. ರಸ್ತೆಯಾಚೆ 12 ಮೀಟರ್ ದೂರದಲ್ಲಿರುವ ಫಲಕದಲ್ಲಿ 3.5 ಮಿಲಿಮೀಟರ್‌ನಷ್ಟು.

ಪ್ರಭಾವಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಅದು ಒಂದು ಕೋನ ನಿಮಿಷಕ್ಕಿಂತ ತೀರಾ ಕಿರಿದಾಗಿದ್ದರೆ ಕಣ್ಣಿಗೆ ತಲುಪುವ ಮೊದಲೇ ಕರಗಿಹೋಗುತ್ತದೆ. ಶಾರ್ಪನಿಂಗ್ ಮಾಡಿಯೂ ಮಾಡದಂತೆ ಆಗುತ್ತದೆ. ಮೂರು ನಾಲ್ಕು ಕೋನ ನಿಮಿಷಕ್ಕಿಂತ ಅಗಲವಾದರೆ ಅಂಚಿನಿಂದ ಬೇರ್ಪಟ್ಟು, ಬಿಳಿಯ ದಾರದಂತೆ ತಾನೇ ಒಂದು ವಸ್ತುವಾಗಿ ಕಾಣಿಸತೊಡಗುತ್ತದೆ. ಸರಿಯಾದ ಜಾಗವಿರುವುದು ಇವೆರಡರ ನಡುವೆ, ಮಿತಿಗೆ ತಾಗಿಕೊಂಡಂತೆ, ಸುಮಾರು ಒಂದೂವರೆ ಕೋನ ನಿಮಿಷದಲ್ಲಿ. ಅಷ್ಟಿದ್ದಾಗ ಪ್ರಭಾವಳಿ ಬೇರೆಯಾಗಿ ಕಾಣದೆ, ಅಂಚು ಮಾತ್ರ ಹರಿತವಾದಂತೆ ಭಾಸವಾಗುತ್ತದೆ.

ಡಿಜಿಟಲ್ ಶಾರ್ಪನಿಂಗ್‌ಗೆ ಒಂದು ಶಿಸ್ತು ತಂದುಕೊಟ್ಟವರಲ್ಲಿ ಮುಖ್ಯರಾದವರು ಬ್ರೂಸ್ ಫ್ರೇಸರ್. 2006ರಲ್ಲಿ ನಿಧನರಾದ ಅವರು ಶಾರ್ಪನಿಂಗನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಕ್ಯಾಮರಾ ಮತ್ತು ಲೆನ್ಸಿನಿಂದ ಕಳೆದುಹೋದ ಸ್ಫುಟತೆಯನ್ನು ಮರಳಿಸುವುದು ಮೊದಲನೆಯದು. ಕಣ್ಣು, ಆಭರಣ ಮುಂತಾದ ಭಾಗಗಳನ್ನು ಮಾತ್ರ ಎತ್ತಿ ತೋರಿಸುವುದು ಎರಡನೆಯದು. ಚಿತ್ರ ಕೊನೆಗೆ ಎಲ್ಲಿ ಮೂಡುತ್ತದೋ ಅದಕ್ಕೆ ತಕ್ಕಂತೆ ಮಾಡುವುದು ಮೂರನೆಯದು. ಈ ಲೇಖನದ ವಿಷಯ ಮೂರನೆಯ ಹಂತ ಮಾತ್ರ. ಸಾಮಾನ್ಯ ದೂರದಿಂದ ನೋಡುವ ಮುದ್ರಿತ ಚಿತ್ರದಲ್ಲಿ ಪ್ರಭಾವಳಿ ಇಂಚಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿರಲಿ ಎಂಬುದು ಫ್ರೇಸರ್ ವಿಧಾನದ ಒಂದು ಅಳತೆಗೋಲು. ಅಂದರೆ 0.25 ಮಿಲಿಮೀಟರ್. 60 ಸೆಂಟಿಮೀಟರ್ ದೂರದಿಂದ ನೋಡಿದಾಗ ಇದು ಒಂದೂವರೆ ಕೋನ ನಿಮಿಷಕ್ಕೆ ತೀರ ಹತ್ತಿರದ ಸಂಖ್ಯೆ ಎಂಬುದು ಗಮನಾರ್ಹ.

ಇದರಿಂದ ಒಂದು ಸರಳ ಸೂತ್ರವನ್ನು ಪಡೆಯಬಹುದು. ನೋಡುವ ದೂರವನ್ನು ಮೀಟರಿನಲ್ಲಿ ಬರೆದುಕೊಂಡು, ಅದನ್ನು ಒಂದು ಇಂಚಿನಲ್ಲಿರುವ ಪಿಕ್ಸೆಲ್‌ಗಳ ಸಂಖ್ಯೆಯಿಂದ ಗುಣಿಸಿ, 120ರಿಂದ ಭಾಗಿಸಿದರೆ ರೇಡಿಯಸ್ ದೊರೆಯುತ್ತದೆ. ಇದು ಆರಂಭಕ್ಕೆ ಹಿಡಿದುಕೊಳ್ಳುವ ಕೈಗೋಲು ಮಾತ್ರ, ಶಿಲಾಶಾಸನವಲ್ಲ. ಆದರೆ ಕಣ್ಣಂದಾಜಿನಲ್ಲಿ ಗುಂಡಿ ತಿರುಗಿಸುವುದಕ್ಕಿಂತ ಎಷ್ಟೋ ಮೇಲು.

ಒಂದು ಚಿತ್ರ, ಮೂರು ನೆಲೆ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಬೆಳಗಿನ ಬಿಸಿಲಿನಲ್ಲಿ 24 ಮೆಗಾಪಿಕ್ಸೆಲ್ ಕ್ಯಾಮರಾದಿಂದ ತೆಗೆದ ಚಿತ್ರವಿದೆ ಎಂದಿಟ್ಟುಕೊಳ್ಳೋಣ. ಅದರ ಅಳತೆ 6000 ಗುಣಿಸು 4000 ಪಿಕ್ಸೆಲ್. ಚಕ್ರದ ಮೇಲಿನ ಸೂಕ್ಷ್ಮ ಕೆತ್ತನೆ, ಗ್ರಾನೈಟಿನ ಒರಟು ಮೈ, ಕಲ್ಲಿನ ಹಿಂದೆ ತಿಳಿಯಾದ ಆಕಾಶ, ಇವೆಲ್ಲವೂ ಶಾರ್ಪನಿಂಗ್‌ನ ಗುಣದೋಷಗಳನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತವೆ. ಈ ಚಿತ್ರ ಮೂರು ಕಡೆಗೆ ಹೋಗಬೇಕಾಗಿದೆ: ಅಂತರ್ಜಾಲದ ಪುಟಕ್ಕೆ, ಪ್ರದರ್ಶನದ ಗೋಡೆಗೆ, ಮತ್ತು ಊರ ಹೊರಗಿನ ಫ್ಲೆಕ್ಸ್ ಫಲಕಕ್ಕೆ.

ಮೊದಲನೆಯದು ಅಂತರ್ಜಾಲ. ಚಿತ್ರವನ್ನು 1200 ಗುಣಿಸು 800 ಪಿಕ್ಸೆಲ್‌ಗೆ ಕಿರಿದುಗೊಳಿಸಬೇಕು. ಕಿರಿದುಗೊಳಿಸುವಾಗ ಐದು ಪಿಕ್ಸೆಲ್‌ಗಳಿದ್ದ ಕಡೆ ಒಂದು ಉಳಿಯುವುದರಿಂದ ಅಂಚುಗಳು ತುಸು ಮೆತ್ತಗಾಗುತ್ತವೆ. ಅದನ್ನು ಸರಿದೂಗಿಸುವಷ್ಟು ಶಾರ್ಪನಿಂಗ್ ಸಾಕು. 24 ಇಂಚಿನ, 1920 ಗುಣಿಸು 1080 ಪಿಕ್ಸೆಲ್‌ನ ಸಾಮಾನ್ಯ ಮಾನಿಟರಿನಲ್ಲಿ ಇಂಚಿಗೆ 92 ಪಿಕ್ಸೆಲ್‌ಗಳಿರುತ್ತವೆ. ಒಂದು ಪಿಕ್ಸೆಲ್‌ನ ಅಗಲ 0.28 ಮಿಲಿಮೀಟರ್. 60 ಸೆಂಟಿಮೀಟರ್ ದೂರದಿಂದ ನೋಡಿದರೆ ಒಂದೇ ಒಂದು ಪಿಕ್ಸೆಲ್ ಒಂದೂವರೆ ಕೋನ ನಿಮಿಷವನ್ನು ಆಕ್ರಮಿಸುತ್ತದೆ. ಅಂದರೆ ತೆರೆಯ ಮೇಲೆ ಒಂದು ಪಿಕ್ಸೆಲ್ ಅಗಲದ ಪ್ರಭಾವಳಿಯೇ ಗರಿಷ್ಠ ಮಿತಿ. ಸೂತ್ರದ ಪ್ರಕಾರ ರೇಡಿಯಸ್ 0.46 ಬರುತ್ತದೆ, ಅನುಭವಿಗಳು 0.3ರಿಂದ 0.5ರ ನಡುವೆ ಇಡುತ್ತಾರೆ. ತೆರೆಯಲ್ಲಿ ಶಾಯಿಯಂತೆ ಹರಡುವಂಥದ್ದು ಏನೂ ಇಲ್ಲದಿರುವುದರಿಂದ ಅಮೌಂಟ್ ಕೂಡ ಮಿತವಾಗಿ, 50ರಿಂದ 100ರವರೆಗೆ ಇದ್ದರೆ ಸಾಕಾಗುತ್ತದೆ. ಇಲ್ಲಿ ಕಣ್ಣಿಗೆ ಕಂಡದ್ದೇ ಸತ್ಯ. ಚಿತ್ರವನ್ನು ಶೇಕಡ 100ರ ಅಳತೆಯಲ್ಲಿ ನೋಡಿ, ಚೆನ್ನಾಗಿ ಕಂಡಲ್ಲಿಗೆ ನಿಲ್ಲಿಸಬಹುದು.

ಎರಡನೆಯದು ಪ್ರದರ್ಶನದ ಗೋಡೆ. 18 ಗುಣಿಸು 12 ಇಂಚಿನ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್‌ನಂತೆ 5400 ಗುಣಿಸು 3600 ಪಿಕ್ಸೆಲ್‌ನ ಪ್ರತಿಯನ್ನು ಸಿದ್ಧಪಡಿಸಬೇಕು. ಇಷ್ಟು ದೊಡ್ಡ ಚಿತ್ರವನ್ನು ಜನ ಸಾಮಾನ್ಯವಾಗಿ ಅದರ ಕರ್ಣದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ದೂರ ನಿಂತು ನೋಡುತ್ತಾರೆ. ಇದರ ಕರ್ಣ ಸುಮಾರು 55 ಸೆಂಟಿಮೀಟರ್. ನೋಡುವ ದೂರವನ್ನು 60 ಸೆಂಟಿಮೀಟರ್ ಎಂದು ಹಿಡಿಯಬಹುದು. ಇಲ್ಲಿ ಒಂದು ಪಿಕ್ಸೆಲ್ 0.085 ಮಿಲಿಮೀಟರ್, ಅಂದರೆ ಅರ್ಧ ಕೋನ ನಿಮಿಷ ಮಾತ್ರ. ತೆರೆಗೆಂದು ಮಾಡಿದ ಒಂದು ಪಿಕ್ಸೆಲ್‌ನ ಪ್ರಭಾವಳಿ ಇಲ್ಲಿ ಕಣ್ಣಿಗೆ ಗೋಚರಿಸುವುದೇ ಇಲ್ಲ. ಮಾನಿಟರಿನಲ್ಲಿ ಕೆತ್ತಿಟ್ಟಂತಿದ್ದ ಚಿತ್ರ ಕಾಗದದಲ್ಲಿ ಮಂಕಾಗುವ ಗುಟ್ಟು ಇದೇ. ಸೂತ್ರ 1.5ರ ರೇಡಿಯಸ್ಸನ್ನು ಸೂಚಿಸುತ್ತದೆ. ಹೊಳಪಿನ ಕಾಗದವಾದರೆ ಅಮೌಂಟ್ 150ರ ಆಸುಪಾಸಿನಿಂದ ಪ್ರಯತ್ನವನ್ನು ಆರಂಭಿಸಬಹುದು.

ಇದೇ ಚಿತ್ರ ಅಷ್ಟೇ ಪಿಕ್ಸೆಲ್ ಸಾಂದ್ರತೆಯಲ್ಲಿ ಕೈಯಲ್ಲಿ ಹಿಡಿಯುವ ಆಲ್ಬಮ್ಮಿಗೆ ಹೋಗುವುದಾದರೆ ಲೆಕ್ಕ ಬದಲಾಗುತ್ತದೆ. ನೋಡುವ ದೂರ 30 ಸೆಂಟಿಮೀಟರ್‌ಗೆ ಇಳಿಯುವುದರಿಂದ ರೇಡಿಯಸ್ ಕೂಡ 0.75ಕ್ಕೆ ಇಳಿಯಬೇಕು. ಕಾಗದ ಅದೇ, ಶಾಯಿ ಅದೇ. ಬದಲಾದದ್ದು ನೋಡುವವರ ದೂರ ಮಾತ್ರ.

ಮೂರನೆಯದು ಫ್ಲೆಕ್ಸ್. 18 ಗುಣಿಸು 12 ಅಡಿಯ ಫಲಕಕ್ಕೆ ಮೂಲ ಚಿತ್ರವನ್ನು ಹಾಗೆಯೇ ಹಿಗ್ಗಿಸಿದರೆ ಇಂಚಿಗೆ ಸುಮಾರು 28 ಪಿಕ್ಸೆಲ್ ಮಾತ್ರ ದೊರೆಯುತ್ತದೆ. ಇಷ್ಟು ಕಡಿಮೆ ಪಿಕ್ಸೆಲ್‌ಗಳಿರುವುದರಿಂದ ಶಾರ್ಪನಿಂಗ್ ಕಡಿಮೆ ಮಾಡಬೇಕು ಎಂದು ಅನೇಕರು ಭಾವಿಸುತ್ತಾರೆ. ಲೆಕ್ಕ ಅದಕ್ಕೆ ವ್ಯತಿರಿಕ್ತವಾದುದನ್ನು ಹೇಳುತ್ತದೆ. ಫಲಕವನ್ನು ರಸ್ತೆಯಾಚೆಯಿಂದ, 12 ಮೀಟರ್ ದೂರದಿಂದ ನೋಡಲಾಗುತ್ತದೆ ಎಂದಾದರೆ 0.9 ಮಿಲಿಮೀಟರ್ ಅಗಲದ ಒಂದು ಪಿಕ್ಸೆಲ್ ಕೂಡ ಕಾಲು ಕೋನ ನಿಮಿಷದಷ್ಟೇ ಆಗುತ್ತದೆ. ಕಣ್ಣಿನ ಮಟ್ಟಿಗೆ ಇದು ಪ್ರದರ್ಶನದ ಮುದ್ರಣಕ್ಕಿಂತಲೂ ನುಣುಪಾದ ಚಿತ್ರ. ಸೂತ್ರದಂತೆ ರೇಡಿಯಸ್ 2.8ಕ್ಕೆ ಏರುತ್ತದೆ. ಫಲಕದ ಮೇಲೆ ಪ್ರಭಾವಳಿಯ ಅಗಲ 5 ಮಿಲಿಮೀಟರ್ ಇರುತ್ತದೆ. ಆದರೂ 12 ಮೀಟರ್ ದೂರದಲ್ಲಿ ನಿಂತವರಿಗೆ ಅದು ಪ್ರತ್ಯೇಕವಾಗಿ ಕಾಣುವುದಿಲ್ಲ.

ಫ್ಲೆಕ್ಸ್ ಮುದ್ರಕರು ಇಂಚಿಗೆ 72 ಪಿಕ್ಸೆಲ್ ಇರುವ ಪ್ರತಿಯನ್ನೇ ಕೇಳಿದರೆ, ಚಿತ್ರವನ್ನು ಮೊದಲು ಆ ಅಳತೆಗೆ ಹಿಗ್ಗಿಸಿ ಆಮೇಲೆ 7.2ರ ರೇಡಿಯಸ್ ಕೊಡಬೇಕಾಗುತ್ತದೆ. ಸಂಖ್ಯೆ ದೊಡ್ಡದಾಯಿತೆಂದು ಗಾಬರಿಯಾಗಬೇಕಿಲ್ಲ. ಫಲಕದ ಮೇಲೆ ಮಿಲಿಮೀಟರಿನಲ್ಲಿ ಅಳೆದರೆ ಎರಡೂ ಒಂದೇ. ಪಿಕ್ಸೆಲ್ ಎಂಬುದು ಹಿಗ್ಗುವ ಕುಗ್ಗುವ ಅಳತೆ. ಕಣ್ಣಿಗೆ ಗೊತ್ತಿರುವುದು ಕೋನ ಮಾತ್ರ.

ಶಾಯಿ ನುಂಗುವ ಪಾಲು

ರೇಡಿಯಸ್ಸಿನ ಲೆಕ್ಕ ಕಣ್ಣಿನದಾದರೆ ಅಮೌಂಟಿನ ಲೆಕ್ಕ ಕಾಗದದ್ದು. ತೆರೆಯ ಮೇಲೆ ಒಂದು ಪಿಕ್ಸೆಲ್ ತನ್ನ ಗೆರೆ ದಾಟಿ ಪಕ್ಕದ ಪಿಕ್ಸೆಲ್‌ನ ಮನೆಗೆ ಹೋಗುವುದಿಲ್ಲ. ಕಾಗದದಲ್ಲಿ ಶಾಯಿಯ ಹನಿ ನಾರಿನೊಳಗೆ ಇಳಿದು ಸುತ್ತ ಹರಡುತ್ತದೆ. ಸಾಲದ್ದಕ್ಕೆ ಕಾಗದದ ಒಳಹೊಕ್ಕ ಬೆಳಕು ಕೂಡ ಚದುರಿ, ಚುಕ್ಕೆಗಳು ಇರುವುದಕ್ಕಿಂತ ದೊಡ್ಡದಾಗಿ ಕಾಣುವಂತೆ ಮಾಡುತ್ತದೆ. ಇವೆರಡೂ ಸೇರಿ ಕಪ್ಪು ಬಿಳಿಯ ನಡುವಿನ ಅಂಚನ್ನು ಮೆತ್ತಗಾಗಿಸುತ್ತವೆ.

ರಥದ ಅಂಚಿನಲ್ಲಿ ಕಲ್ಲಿನ ಕಪ್ಪು 80, ಆಕಾಶದ ಬೆಳಕು 180 ಎಂಬ ಮಟ್ಟದಲ್ಲಿವೆ ಎಂದುಕೊಳ್ಳೋಣ. ಶಾರ್ಪನಿಂಗ್ ಮಾಡಿದಾಗ ಅಂಚಿನ ಕಲ್ಲು 55ಕ್ಕೆ ಇಳಿದು, ಅಂಚಿನ ಆಕಾಶ 205ಕ್ಕೆ ಏರಬಹುದು. ತೆರೆಯ ಮೇಲೆ ಈ ವ್ಯತ್ಯಾಸ ಪೂರ್ತಿಯಾಗಿ ಕಾಣಿಸಿ ಅತಿಯೆನಿಸುತ್ತದೆ. ಕಾಗದದ ಮೇಲೆ ಶಾಯಿ ಹರಡಿದಾಗ ಆ ವ್ಯತ್ಯಾಸದ ಒಂದು ಪಾಲನ್ನು ಕಾಗದ ನುಂಗಿಕೊಳ್ಳುತ್ತದೆ. ಉಳಿಯುವುದು ಹದವಾದ ಅಂಚು. ಊಟಕ್ಕೆ ಕುಳಿತವರ ಲೆಕ್ಕಕ್ಕಿಂತ ಒಂದು ಸೇರು ಹೆಚ್ಚು ಅಕ್ಕಿ ಹಾಕುವ ಅಡುಗೆಯವರ ಜಾಣ್ಮೆಯೇ ಇಲ್ಲಿ ಬೇಕಾಗುವುದು.

ಎಷ್ಟು ಹೆಚ್ಚು ಎಂಬುದು ಕಾಗದದಿಂದ ಕಾಗದಕ್ಕೆ ಬೇರೆಯಾಗುತ್ತದೆ. ಹೊಳಪಿನ ಕಾಗದದ ಲೇಪನ ಶಾಯಿಯನ್ನು ಮೇಲ್ಮೈಯಲ್ಲಿಯೇ ಹಿಡಿದಿಡುವುದರಿಂದ ಅದಕ್ಕೆ ಕಡಿಮೆ ಸಾಕು. ಮ್ಯಾಟ್ ಕಾಗದ ಹೆಚ್ಚು ಹೀರುತ್ತದೆ, ಅದರ ಕಪ್ಪು ಕೂಡ ಅಷ್ಟು ಗಾಢವಾಗಿರುವುದಿಲ್ಲ. ಅದಕ್ಕೆ ಇನ್ನಷ್ಟು ಬೇಕು. ಲೈಟ್‌ರೂಮ್ ತಂತ್ರಾಂಶದ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ Screen, Matte Paper, Glossy Paper ಎಂಬ ಮೂರು ಆಯ್ಕೆಗಳಿರುವುದು ಈ ಕಾರಣದಿಂದಲೇ. 2008ರಲ್ಲಿ ಬಂದ ಎರಡನೆಯ ಆವೃತ್ತಿಯಿಂದ ಈ ಸೌಲಭ್ಯವಿದೆ. ಅದರ ಹಿಂದಿರುವುದು ಫ್ರೇಸರ್ ಮತ್ತು ಅವರ ಸಂಗಡಿಗರು ಕಟ್ಟಿದ ಪಿಕ್ಸೆಲ್‌ಜೀನಿಯಸ್ ಸಂಸ್ಥೆಯ ಕೆಲಸ. ಆದರೆ ಅದು ಕಾಗದವನ್ನು ಕೇಳುತ್ತದೆಯೇ ಹೊರತು ದೂರವನ್ನು ಕೇಳುವುದಿಲ್ಲ. ನೋಡುವ ದೂರವನ್ನೂ ಕೇಳುವ ನಿಕ್ ಶಾರ್ಪನರ್ ಪ್ರೋ ಮುಂತಾದ ತಂತ್ರಾಂಶಗಳೂ ಇವೆ. ದೂರವನ್ನು ಕೇಳದ ತಂತ್ರಾಂಶದಲ್ಲಿ ಫ್ಲೆಕ್ಸ್ ಫಲಕದಂತಹ ಕೆಲಸ ಮಾಡುವಾಗ ಲೆಕ್ಕವನ್ನು ತಾವೇ ಹಾಕಿಕೊಳ್ಳಬೇಕಾಗುತ್ತದೆ.

ವೃತ್ತಪತ್ರಿಕೆಯ ಕಾಗದಕ್ಕೆ ಬಂದರೆ ಸೂತ್ರಕ್ಕೂ ಒಂದು ಮಿತಿ ಎದುರಾಗುತ್ತದೆ. ಇಂಚಿಗೆ 100 ಗೆರೆಗಳ ಸ್ಕ್ರೀನಿನಲ್ಲಿ ಮುದ್ರಿಸುವಾಗ ಚಿತ್ರವನ್ನು ಇಂಚಿಗೆ 200 ಪಿಕ್ಸೆಲ್‌ನಂತೆ ಕೊಡುವುದು ರೂಢಿ. 40 ಸೆಂಟಿಮೀಟರ್ ದೂರದಿಂದ ಓದುವ ಪತ್ರಿಕೆಗೆ ಸೂತ್ರ 0.67ರ ರೇಡಿಯಸ್ ಹೇಳುತ್ತದೆ. ಆದರೆ ಅಲ್ಲಿ ಮುದ್ರಣದ ಚುಕ್ಕೆಗಳ ನಡುವಿನ ಅಂತರವೇ 0.25 ಮಿಲಿಮೀಟರ್, ಅಂದರೆ ಎರಡು ಪಿಕ್ಸೆಲ್. ಚುಕ್ಕೆಗಿಂತ ಕಿರಿದಾದ ಪ್ರಭಾವಳಿಯನ್ನು ಚುಕ್ಕೆ ಮೂಡಿಸಲಾರದು. ಆದ್ದರಿಂದ ಅಲ್ಲಿ ರೇಡಿಯಸ್ ಕನಿಷ್ಠ 1 ಇರಲೇಬೇಕು. ಶಾಯಿ ಬಹಳವಾಗಿ ಹರಡುವ ಕಾಗದವಾದ್ದರಿಂದ ಅಮೌಂಟ್ ಕೂಡ ಧಾರಾಳವಾಗಿರಬೇಕು. ಮುದ್ರಣಕ್ಕೆಂದು ಸಿದ್ಧಪಡಿಸಿದ ಪತ್ರಿಕಾ ಚಿತ್ರವನ್ನು ಹಾಗೆಯೇ ಅಂತರ್ಜಾಲಕ್ಕೆ ಏರಿಸಿದರೆ ಮುಖಗಳೆಲ್ಲ ಒರಟೊರಟಾಗಿ ಕಾಣುವುದಕ್ಕೆ ಇದೇ ಕಾರಣ.

ಮಾನಿಟರಿನಿಂದ ಎರಡು ಮೀಟರ್ ಹಿಂದೆ ಸರಿಯಿರಿ

ಮುದ್ರಣಕ್ಕೆ ಶಾರ್ಪನಿಂಗ್ ಮಾಡುವವರನ್ನು ದಾರಿ ತಪ್ಪಿಸುವುದು ಅವರ ಮುಂದಿರುವ ಮಾನಿಟರೇ. ಇಂಚಿಗೆ 300 ಪಿಕ್ಸೆಲ್‌ನ ಚಿತ್ರವನ್ನು ಇಂಚಿಗೆ 92 ಪಿಕ್ಸೆಲ್‌ನ ತೆರೆಯಲ್ಲಿ ಶೇಕಡ 100ರ ಅಳತೆಯಲ್ಲಿ ತೆರೆದಾಗ ಅದು ಮುದ್ರಣಕ್ಕಿಂತ ಮೂರು ಪಟ್ಟಿಗೂ ಮಿಕ್ಕಿ ಹಿಗ್ಗಿರುತ್ತದೆ. 60 ಸೆಂಟಿಮೀಟರ್ ದೂರದಲ್ಲಿ ಕುಳಿತು ಅದನ್ನು ನೋಡುವುದೆಂದರೆ ಮುದ್ರಿತ ಚಿತ್ರವನ್ನು 18 ಸೆಂಟಿಮೀಟರ್ ದೂರಕ್ಕೆ, ಮೂಗಿನ ಬಳಿಗೆ ತಂದು ನೋಡಿದಂತೆ. ಅಷ್ಟು ಹತ್ತಿರದಿಂದ ಸರಿಯಾದ ಶಾರ್ಪನಿಂಗ್ ಕೂಡ ವಿಕಾರವಾಗಿಯೇ ಕಾಣುತ್ತದೆ. ಹೆದರಿ ಕಡಿಮೆ ಮಾಡಿದರೆ ಮುದ್ರಣ ಮಂಕಾಗುತ್ತದೆ.

ಇದಕ್ಕೆ ಖರ್ಚಿಲ್ಲದ ಒಂದು ಪರಿಹಾರವಿದೆ. ಚಿತ್ರವನ್ನು ಶೇಕಡ 100ರಲ್ಲಿಯೇ ಇಟ್ಟು, ಕುರ್ಚಿಯಿಂದೆದ್ದು ಹಿಂದೆ ಸರಿಯಬೇಕು. ಎಷ್ಟು ಹಿಂದೆ ಎಂದರೆ, ನೋಡುವ ದೂರವನ್ನು ಮುದ್ರಣದ ಪಿಕ್ಸೆಲ್ ಸಾಂದ್ರತೆಯಿಂದ ಗುಣಿಸಿ ಮಾನಿಟರಿನ ಸಾಂದ್ರತೆಯಿಂದ ಭಾಗಿಸಿದಷ್ಟು. ಪ್ರದರ್ಶನದ ಚಿತ್ರಕ್ಕೆ ಇದು ಸುಮಾರು ಎರಡು ಮೀಟರ್. ಫ್ಲೆಕ್ಸ್‌ನ ಮೂಲ ಪ್ರತಿಗೆ 12 ಮೀಟರಿಗೆ ಬದಲಾಗಿ ಮೂರೂವರೆ ಮೀಟರಿಗೂ ತುಸು ಹೆಚ್ಚು ಸಾಕು. ಕೋಣೆಯ ಬಾಗಿಲ ಬಳಿ ನಿಂತರೆ ರಸ್ತೆಯಾಚೆ ನಿಂತಂತೆಯೇ. ಅಲ್ಲಿಂದ ಕಲ್ಲಿನ ಅಂಚಿನಲ್ಲಿ ಬಿಳಿಯ ದಾರ ಕಾಣದಿದ್ದರೆ ರೇಡಿಯಸ್ ಸರಿಯಾಗಿದೆ ಎಂದರ್ಥ. ಈ ವಿಧಾನ ದೂರವನ್ನು ಮಾತ್ರ ಅನುಕರಿಸುತ್ತದೆ, ಶಾಯಿಯನ್ನಲ್ಲ. ಆದ್ದರಿಂದ ಎರಡು ಮೀಟರಿನಿಂದಲೂ ತುಸು ಹೆಚ್ಚು ಗಡುಸೆನಿಸಿದರೆ ಮುದ್ರಣಕ್ಕೆ ಅದು ಹದವೇ ಆಗಿರುತ್ತದೆ.

ಶಾಯಿಯ ಪಾಲನ್ನು ತಿಳಿಯಲು ಪರೀಕ್ಷಾ ಮುದ್ರಣದ ಹೊರತು ಅನ್ಯ ಮಾರ್ಗವಿಲ್ಲ. ಅದಕ್ಕೂ ದೊಡ್ಡ ಖರ್ಚು ಬೇಕಾಗಿಲ್ಲ. ಅಂತಿಮ ಅಳತೆಯ ಪ್ರತಿಯಿಂದ, ಚಕ್ರದ ಕೆತ್ತನೆಯೂ ಆಕಾಶವೂ ಸೇರಿರುವ 600 ಗುಣಿಸು 1200 ಪಿಕ್ಸೆಲ್‌ನ ಒಂದು ತುಂಡನ್ನು ಕತ್ತರಿಸಿಕೊಳ್ಳಬೇಕು. ಅದರ ಮೂರು ಪ್ರತಿಗಳಿಗೆ ರೇಡಿಯಸ್ 1.5ರಂತೆಯೇ ಇಟ್ಟು, ಅಮೌಂಟ್ ಮಾತ್ರ 100, 150, 220 ಎಂದು ಬದಲಿಸಬೇಕು. ಮೂರನ್ನೂ ಪಕ್ಕಪಕ್ಕದಲ್ಲಿ ಜೋಡಿಸಿದರೆ 6 ಗುಣಿಸು 4 ಇಂಚಿನ ಒಂದೇ ಫೋಟೊ ಆಗುತ್ತದೆ. ಅದನ್ನು ಪ್ರದರ್ಶನದ ಚಿತ್ರವನ್ನು ಮುದ್ರಿಸುವ ಲ್ಯಾಬಿನಲ್ಲಿಯೇ, ಅದೇ ಕಾಗದದ ಮೇಲೆ ಮುದ್ರಿಸಿ, ಗೋಡೆಗೆ ಅಂಟಿಸಿ, 60 ಸೆಂಟಿಮೀಟರ್ ದೂರದಿಂದ ನೋಡಿ ಆರಿಸಿಕೊಳ್ಳಬಹುದು.

ಲ್ಯಾಬಿಗೆ ಚಿತ್ರ ಕೊಡುವಾಗ ಒಂದು ಪ್ರಶ್ನೆಯನ್ನು ಮರೆಯದೆ ಕೇಳಬೇಕು. ಅನೇಕ ಲ್ಯಾಬ್ ಯಂತ್ರಗಳು ತಮ್ಮಷ್ಟಕ್ಕೆ ತಾವೇ ಬಣ್ಣವನ್ನೂ ಸ್ಫುಟತೆಯನ್ನೂ ತಿದ್ದುತ್ತವೆ. ಈಗಾಗಲೇ ಶಾರ್ಪನಿಂಗ್ ಮಾಡಿದ ಚಿತ್ರಕ್ಕೆ ಯಂತ್ರ ಇನ್ನೊಂದು ಸುತ್ತು ಶಾರ್ಪನಿಂಗ್ ಮಾಡಿದರೆ ಎಲ್ಲ ಲೆಕ್ಕವೂ ತಲೆಕೆಳಗಾಗುತ್ತದೆ. ಪರೀಕ್ಷಾ ಮುದ್ರಣದಲ್ಲಿ 100ರ ತುಂಡು ಕೂಡ ಅತಿಯಾಗಿ ಕಂಡರೆ ಹೀಗಾಗಿರುವ ಸಂಭವ ಹೆಚ್ಚು. ಯಾವ ತಿದ್ದುಪಡಿಯನ್ನೂ ಮಾಡದೆ ಮುದ್ರಿಸಿಕೊಡುವಂತೆ ಮೊದಲೇ ಹೇಳುವುದು ಕ್ಷೇಮ.

ಅತಿಯಾದುದನ್ನು ಗುರುತಿಸುವ ಬಗೆ

ಶಾರ್ಪನಿಂಗ್ ಮಿತಿಮೀರಿದಾಗ ಮೊದಲು ಸುಳಿವು ಕೊಡುವುದು ಗಾಢ ವಸ್ತು ಆಕಾಶವನ್ನು ಸಂಧಿಸುವ ಜಾಗ. ರಥದ ಮೇಲ್ಭಾಗದ ಸುತ್ತ ಆಕಾಶದಲ್ಲಿ ಬಿಳಿಯ ಗೆರೆ ಓಡಿದ್ದರೆ ರೇಡಿಯಸ್ ಹೆಚ್ಚಾಗಿದೆ. ಗೆರೆಯಿಲ್ಲದೆ ಕಲ್ಲಿನ ಮೈ ಮಾತ್ರ ಉಪ್ಪು ಚೆಲ್ಲಿದಂತೆ ಕಾಣುತ್ತಿದ್ದರೆ ಅಮೌಂಟ್ ಹೆಚ್ಚಾಗಿದೆ. ಆಕಾಶದಲ್ಲಿ ಕಾಳುಗಳು ಎದ್ದಿದ್ದರೆ ಥ್ರೆಶೋಲ್ಡ್ ಸಾಲದು. ಅಂಚಿನಲ್ಲಿ ಕೆಂಪು ಅಥವಾ ನೀಲಿ ಛಾಯೆ ಕಂಡರೆ ಶಾರ್ಪನಿಂಗ್ ಬಣ್ಣದ ಮೇಲೂ ಕೆಲಸ ಮಾಡಿದೆ ಎಂದರ್ಥ; ಪ್ರತ್ಯೇಕ ಲೇಯರಿನಲ್ಲಿ ಮಾಡಿ, ಅದನ್ನು Luminosity ವಿಧಾನದಲ್ಲಿ ಬೆರೆಸಿದರೆ ಈ ದೋಷ ನಿವಾರಣೆಯಾಗುತ್ತದೆ.

ಕಪ್ಪು ಪ್ರಭಾವಳಿಗಿಂತ ಬಿಳಿಯದು ಕಣ್ಣನ್ನು ಬೇಗ ಚುಚ್ಚುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು. ಮುಖದ ಚಿತ್ರಗಳಲ್ಲಂತೂ ಕೆತ್ತನೆಗೆ ಒಪ್ಪುವ ಅಳತೆ ಚರ್ಮಕ್ಕೆ ಒಪ್ಪುವುದಿಲ್ಲ. ಮದುವೆ ಮನೆಯ ಚಿತ್ರಗಳಲ್ಲಿ ಸೀರೆಯ ಜರಿಗೂ ಒಡವೆಗೂ ಪೂರ್ತಿ ಶಾರ್ಪನಿಂಗ್ ಕೊಟ್ಟು, ಕೆನ್ನೆ ಹಣೆಗಳ ಮೇಲೆ ಮಾಸ್ಕ್ ಎಳೆದು ಅದನ್ನು ತಗ್ಗಿಸುವುದು ಉಚಿತ.

ದೂರದ ಲೆಕ್ಕಕ್ಕೂ ಒಂದು ಎಚ್ಚರಿಕೆ ಇದೆ. ಎಲ್ಲರೂ ಎಣಿಸಿದ ದೂರದಲ್ಲಿಯೇ ನಿಲ್ಲುವುದಿಲ್ಲ. ಫ್ಲೆಕ್ಸ್ ಫಲಕದ ಕೆಳಗೇ ಬಸ್ಸು ನಿಲ್ಲುವ ಜಾಗವಿದ್ದರೆ ಮೂರು ಮೀಟರ್ ದೂರದಲ್ಲಿ ನಿಂತವರಿಗೆ 5 ಮಿಲಿಮೀಟರ್‌ನ ಪ್ರಭಾವಳಿ ಆರು ಕೋನ ನಿಮಿಷದಷ್ಟು ಅಗಲವಾಗಿ, ಢಾಳಾಗಿ ಕಾಣುತ್ತದೆ. ಪ್ರದರ್ಶನದಲ್ಲಿ ಸಾರ್ವಜನಿಕರು ಹಿಂದೆ ನಿಂತು ನೋಡಿದರೆ ತೀರ್ಪುಗಾರರು ಹತ್ತಿರಕ್ಕೆ ಬಾಗಿ ನೋಡುತ್ತಾರೆ. ಅಂತಹ ಕಡೆಗಳಲ್ಲಿ ಸರಾಸರಿ ದೂರವನ್ನಲ್ಲ, ಗಂಭೀರವಾಗಿ ನೋಡುವವರು ನಿಲ್ಲಬಹುದಾದ ಅತಿ ಹತ್ತಿರದ ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದೂರದವರಿಗೆ ಸ್ವಲ್ಪ ಮೆತ್ತಗೆ ಕಂಡರೂ ಚಿಂತೆಯಿಲ್ಲ. ಹತ್ತಿರದವರಿಗೆ ವಿಕಾರವಾಗಿ ಕಾಣಬಾರದು.

ಮೊಬೈಲ್ ತೆರೆಗಳು ಇನ್ನೊಂದು ತೊಡಕನ್ನು ಒಡ್ಡುತ್ತವೆ. ಇಂಚಿಗೆ 400 ಪಿಕ್ಸೆಲ್ ಇರುವ ಫೋನಿನಲ್ಲಿ ಒಂದು ಪಿಕ್ಸೆಲ್ ಕಣ್ಣಿನ ಮಿತಿಗಿಂತ ಕಿರಿದು. ಅಲ್ಲದೆ ಜಾಲತಾಣಗಳೂ ಬ್ರೌಸರುಗಳೂ ಚಿತ್ರವನ್ನು ತಮಗೆ ಬೇಕಾದ ಅಳತೆಗೆ ಮತ್ತೆ ಹಿಗ್ಗಿಸಿ ಕುಗ್ಗಿಸುತ್ತವೆ. ಸಾಮಾಜಿಕ ತಾಣಗಳು ಇನ್ನೊಮ್ಮೆ ಜೆಪೆಗ್ ಸಂಕೋಚನವನ್ನೂ ಮಾಡುತ್ತವೆ. ಅತಿಯಾಗಿ ಹರಿತಗೊಳಿಸಿದ ಅಂಚುಗಳ ಸುತ್ತ ಈ ಸಂಕೋಚನ ಸೊಳ್ಳೆ ಮುತ್ತಿದಂತಹ ಕಲೆಗಳನ್ನು ಎಬ್ಬಿಸುತ್ತದೆ. ಚಿತ್ರ ಕೊನೆಗೆ ಯಾವ ಅಳತೆಯಲ್ಲಿ ಕಾಣಿಸುತ್ತದೆ ಎಂಬುದು ತಯಾರಿಸುವವರ ಕೈಯಲ್ಲಿ ಇಲ್ಲದಿರುವಾಗ ಮಿತವಾದ ಶಾರ್ಪನಿಂಗೇ ಸುರಕ್ಷಿತ.

ಮೂಲ ಪ್ರತಿ ಮುಟ್ಟದಿರಲಿ

ಇಷ್ಟೆಲ್ಲದರಿಂದ ಹೊರಡುವ ಕಾರ್ಯಕ್ರಮ ಚಿಕ್ಕದು. ಬಣ್ಣ, ಬೆಳಕು, ಮೊದಲ ಹಂತದ ಸ್ಫುಟತೆ ಎಲ್ಲವನ್ನೂ ತಿದ್ದಿ ಮುಗಿಸಿದ ಮೂಲ ಪ್ರತಿಯನ್ನು ಪೂರ್ಣ ಅಳತೆಯಲ್ಲಿ, ಅಂತಿಮ ಶಾರ್ಪನಿಂಗ್ ಇಲ್ಲದೆ ಕಾಪಾಡಬೇಕು. ಬೇಡಿಕೆ ಬಂದಾಗ ಅದರ ನಕಲನ್ನು ತೆಗೆದು, ಮೊದಲು ಬೇಕಾದ ಅಳತೆಗೆ ತಂದು, ಕೊನೆಯ ಕೆಲಸವಾಗಿ ಶಾರ್ಪನಿಂಗ್ ಮಾಡಬೇಕು. ಕ್ರಮವನ್ನು ಅದಲು ಬದಲು ಮಾಡಿದರೆ, ಅಂದರೆ ಶಾರ್ಪನಿಂಗ್ ಮಾಡಿದ ಮೇಲೆ ಅಳತೆ ಬದಲಿಸಿದರೆ, ಪ್ರಭಾವಳಿಯ ಅಗಲವೂ ಅದರೊಂದಿಗೆ ಬದಲಾಗಿ ಲೆಕ್ಕವೆಲ್ಲ ವ್ಯರ್ಥವಾಗುತ್ತದೆ.

ನಕಲಿನ ಹೆಸರಿನಲ್ಲಿಯೇ ಅದರ ಉದ್ದೇಶ, ಅಳತೆ ಮತ್ತು ನೋಡುವ ದೂರವನ್ನು ಬರೆದಿಡುವುದು ಒಳ್ಳೆಯ ಅಭ್ಯಾಸ. ಆರು ತಿಂಗಳ ನಂತರ ಅದೇ ರಥದ ಚಿತ್ರವನ್ನು ಯಾರಾದರೂ ಕ್ಯಾಲೆಂಡರಿಗೆ ಕೇಳಿದಾಗ, ಫ್ಲೆಕ್ಸಿಗೆಂದು ಮಾಡಿದ ಪ್ರತಿ ತಪ್ಪಿ ಮುದ್ರಣಾಲಯಕ್ಕೆ ಹೋಗದಂತೆ ತಡೆಯುವುದು ಆ ಒಂದು ಸಾಲಿನ ಹೆಸರೇ.